ಕಾರಿನ ಬಾಗಿಲಿನ ಸ್ಪೀಕರ್, ಆಂಪ್ಲಿಫೈಯರ್, ಡಿಎಸ್‌ಪಿ: ಸ್ಪಷ್ಟ ದನಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ಸ್ಪೀಕರ್ ಹಾಕಿಸಿದ ಮೇಲೂ ಹಾಡಿನ ಮಾತು ಸರಿಯಾಗಿ ಕೇಳಿಸುವುದಿಲ್ಲ ಎನ್ನುವವರು ತುಂಬಾ ಜನ ಇದ್ದಾರೆ. ಹೆಚ್ಚಿನ ಸಲ ಸ್ಪೀಕರ್‌ನಲ್ಲಿ ತಪ್ಪಿರುವುದಿಲ್ಲ. ಅದು ಕೂತಿರುವ ಬಾಗಿಲು ಹಾಗೇ ಉಳಿದಿರುತ್ತದೆ. ಎಡ ಬಲ ಸ್ಪೀಕರ್‌ಗಳ ದನಿ ಬೇರೆ ಬೇರೆ ಹೊತ್ತಿಗೆ ಕಿವಿಗೆ ಬರುತ್ತಿರುತ್ತದೆ. ಈ ಎರಡನ್ನು ಸರಿಮಾಡಿದರೆ ಮಧ್ಯಮ ದರ್ಜೆಯ ಸ್ಪೀಕರ್ ಕೂಡ ಚೆನ್ನಾಗಿ ಹಾಡುತ್ತದೆ. ಹಾಗಾಗಿ ಈ ಬರಹದಲ್ಲಿ ಸ್ಪೀಕರ್ ಆಯ್ಕೆಗಿಂತ ಬಾಗಿಲಿನ ಕೆಲಸ ಮತ್ತು ಟ್ಯೂನಿಂಗ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದೇ ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಕಾರಿನಲ್ಲಿ ಕಂಪನಿಯ ಸ್ಟೀರಿಯೋ ಇದೆ, ಅದನ್ನು ತೆಗೆಯುವುದಿಲ್ಲ. ಮುಂದಿನ ಎರಡು ಬಾಗಿಲುಗಳಲ್ಲಿ ಆರೂವರೆ ಇಂಚಿನ ಸ್ಪೀಕರ್‌ಗೆ ಜಾಗ ಇದೆ. ಅಲ್ಲಿಗೆ ಒಂದು ಕಾಂಪೊನೆಂಟ್ ಸೆಟ್ ಹಾಕುತ್ತೇವೆ. ಅಂದರೆ ಬಾಗಿಲಿನ ಕೆಳಭಾಗದಲ್ಲಿ ಕೆಳಸ್ವರಗಳಿಗೆ ವೂಫರ್, ಮೇಲೆ ಕನ್ನಡಿಯ ಹತ್ತಿರ ಅಥವಾ ಮುಂದಿನ ಗ್ಲಾಸಿನ ಪಕ್ಕದ ಕಂಬದಲ್ಲಿ ಮೇಲ್ಸ್ವರಗಳಿಗೆ ಟ್ವೀಟರ್. ಜೊತೆಗೆ ಡಿಎಸ್‌ಪಿ, ಅಂದರೆ ದನಿಯನ್ನು ಡಿಜಿಟಲ್ ಆಗಿ ತಿದ್ದುವ ಭಾಗ, ತನ್ನೊಳಗೇ ಇರುವ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಒಂದು. ಪ್ರತಿ ಚಾನೆಲ್‌ಗೆ 4 ಓಮ್‌ನಲ್ಲಿ 75 ವ್ಯಾಟ್ ಆರ್‌ಎಂಎಸ್. ಎರಡು ಚಾನೆಲ್ ಟ್ವೀಟರ್‌ಗಳಿಗೆ, ಎರಡು ವೂಫರ್‌ಗಳಿಗೆ. ಸಬ್‌ವೂಫರ್ ಇಲ್ಲ.

ಸೆಟ್ ಜೊತೆ ಬರುವ ಕ್ರಾಸ್‌ಓವರ್ ಡಬ್ಬಿಯನ್ನು ಬಳಸುವುದಿಲ್ಲ. ದನಿಯನ್ನು ಪಾಲು ಮಾಡುವ ಕೆಲಸವನ್ನು ಡಿಎಸ್‌ಪಿಯೇ ಮಾಡುತ್ತದೆ. ಇದರಿಂದ ನಾಲ್ಕೂ ಸ್ಪೀಕರ್‌ಗಳ ಮಟ್ಟ ಮತ್ತು ಸಮಯವನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ಅಷ್ಟು ಹಿಡಿತ ಬೇರೆ ದಾರಿಯಲ್ಲಿ ಸಿಗುವುದಿಲ್ಲ.

ನಿಮ್ಮ ಕಾರಿನಲ್ಲಿ ಕಂಪನಿಯೇ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟಿದ್ದರೆ ಸಿಗ್ನಲ್ ತೆಗೆಯುವ ವಿಧಾನ ಬೇರೆಯಾಗುತ್ತದೆ. ಆ ಭಾಗಕ್ಕೆ ಈ ಬರಹ ಅನ್ವಯಿಸುವುದಿಲ್ಲ. ಉಳಿದದ್ದೆಲ್ಲ ಒಂದೇ.

## ಬಾಗಿಲು ಬಿಚ್ಚುವ ಮುಂಚೆ

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ನಿಮಿಷ ಕಾಯಿರಿ. ಏರ್‌ಬ್ಯಾಗ್‌ನ ವಯರಿಂಗ್ ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್‌ನಲ್ಲಿ ಇರುತ್ತದೆ. ಅದನ್ನು ಮುಟ್ಟಬೇಡಿ. ಮುಂದಿನ ಕಂಬದ ಒಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ಟ್ವೀಟರ್‌ನ ವಯರ್ ಅದರ ಹಿಂದೆ ಹೋಗಬೇಕು. ಮುಂದೆ ಅಡ್ಡ ಬರುವ ಹಾಗೆ ಎಂದೂ ಎಳೆಯಬಾರದು.

ಇನ್ನೊಂದು ಮಾತು ಕೆಲವರಿಗೆ ಮಾತ್ರ ಸಂಬಂಧಿಸಿದ್ದು, ಆದರೆ ಮುಖ್ಯವಾದದ್ದು. ಕೆಲವು ಕಾರುಗಳಲ್ಲಿ ಪಕ್ಕದ ಅಪಘಾತವನ್ನು ಗುರುತಿಸಲು ಬಾಗಿಲಿನ ಒಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲಿನಲ್ಲಿ ಹೊಸ ತೂತು ಕೊರೆಯಬೇಡಿ, ಸೆನ್ಸರ್ ಮೇಲೆ ಏನನ್ನೂ ಅಂಟಿಸಬೇಡಿ, ಕಂಪನಿ ಕೊಟ್ಟ ಸೀಲನ್ನು ಹಾಗೇ ಉಳಿಸಿ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದು ಇದೆಯೋ ಇಲ್ಲವೋ ನೋಡಿಕೊಂಡೇ ಕೆಲಸ ಶುರುಮಾಡಿ.

ಪ್ಯಾನೆಲ್ ಬಿಚ್ಚುವಾಗ ಹಿಡಿಕೆಯ ಒಳಗೆ, ಲಾಕ್‌ನ ಹಿಂದೆ ಅಡಗಿರುವ ಸ್ಕ್ರೂಗಳನ್ನು ಮೊದಲು ತೆಗೆಯಿರಿ. ಆಮೇಲೆ ಪ್ಲಾಸ್ಟಿಕ್ ಟ್ರಿಮ್ ಟೂಲ್‌ನಿಂದ ಕೆಳಗಿನ ಮೂಲೆಯಲ್ಲಿ ಕ್ಲಿಪ್ ಬಿಡಿಸುತ್ತಾ ಮೇಲೆ ಬನ್ನಿ. ಕ್ಲಿಪ್ ಒಂದೆರಡು ಮುರಿಯುವುದು ಸಹಜ. ಮೊದಲೇ ಕೆಲವು ತಂದಿಟ್ಟುಕೊಳ್ಳಿ, ಯಾಕೆಂದರೆ ಮುರಿದ ಕ್ಲಿಪ್ ಬಿಟ್ಟ ಜಾಗದಲ್ಲೇ ನಾಳೆ ಬಡಬಡ ಸದ್ದು ಬರುತ್ತದೆ.

## ಬಾಗಿಲೇ ಸ್ಪೀಕರ್‌ನ ಪೆಟ್ಟಿಗೆ

ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಇರುತ್ತದೆ ಅಲ್ವಾ? ಕಾರಿನಲ್ಲಿ ಆ ಕೆಲಸ ಮಾಡಬೇಕಾದದ್ದು ಬಾಗಿಲು. ಆದರೆ ಬಾಗಿಲು ಅದಕ್ಕಾಗಿ ಮಾಡಿದ್ದಲ್ಲ. ಹೊರಗಿನ ತಗಡು ತೆಳ್ಳಗಿರುತ್ತದೆ. ಒಳಗಿನ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿರುತ್ತವೆ. ಅವುಗಳ ಮೇಲೆ ಬರೀ ಒಂದು ಪ್ಲಾಸ್ಟಿಕ್ ಹಾಳೆ.

ವೂಫರ್‌ನ ಕೋನ್ ಮುಂದಕ್ಕೆ ತಳ್ಳಿದಾಗ ಅದರ ಹಿಂದೆ ಗಾಳಿ ಸೆಳೆದುಕೊಳ್ಳುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ವಿರುದ್ಧ. ಒಳತಗಡಿನ ತೂತುಗಳ ಮೂಲಕ ಇವು ಸೇರಿಬಿಟ್ಟರೆ ಕೆಳಸ್ವರಗಳು ಅಲ್ಲೇ ರದ್ದಾಗುತ್ತವೆ. ಬೇಸ್ ಸಾಲದು ಅಂತ ನಾವು ವಾಲ್ಯೂಮ್ ಏರಿಸುತ್ತೇವೆ. ಆಗ ತಗಡು ಅದುರಿ ತನ್ನದೇ ಸದ್ದು ಸೇರಿಸುತ್ತದೆ. ಆ ಅದುರುವಿಕೆ ಗಂಡಸಿನ ದನಿಯ ಕೆಳಭಾಗದ ಮೇಲೆ ಕೂತು ಮಾತನ್ನು ಮಸುಕು ಮಾಡುತ್ತದೆ. ಹಾಗಾಗಿ ಇಲ್ಲಿ ಎರಡು ಕೆಲಸ: ತಗಡಿನ ಅದುರು ತಗ್ಗಿಸುವುದು, ತೂತು ಮುಚ್ಚುವುದು.

ಹೊರತಗಡಿನ ಒಳಮುಖವನ್ನು ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಧೂಳು, ಮೇಣ ಇದ್ದರೆ ಹಾಳೆ ಅಂಟುವುದಿಲ್ಲ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ತುಂಡುಗಳನ್ನು ಸ್ಪೀಕರ್‌ನ ನೇರ ಹಿಂದೆ ಮತ್ತು ತಗಡಿನ ದೊಡ್ಡ ಬಯಲು ಭಾಗಗಳಲ್ಲಿ ಅಂಟಿಸಿ. ಪೂರ್ತಿ ಮುಚ್ಚುವ ಅಗತ್ಯ ಇಲ್ಲ. ತಗಡಿನ ಕಾಲುಭಾಗದಿಂದ ಅರ್ಧಭಾಗ ಮುಚ್ಚಿದರೆ ಹೆಚ್ಚಿನ ಅದುರು ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಸುಮ್ನೆ ಬಾಗಿಲಿನ ತೂಕ ಏರುತ್ತದೆ. ರೋಲರ್‌ನಿಂದ ಗಟ್ಟಿಯಾಗಿ ಒತ್ತುವುದು ಮಾತ್ರ ಮರೆಯಬೇಡಿ. ಗಾಳಿ ಸಿಕ್ಕಿಕೊಂಡ ಜಾಗದಲ್ಲಿ ಶೀಟ್ ಕೆಲಸ ಮಾಡುವುದಿಲ್ಲ. ಕೆಲಸ ಆಯಿತೋ ಇಲ್ಲವೋ ತಿಳಿಯಲು ಬೆರಳಿನಿಂದ ತಗಡು ತಟ್ಟಿ ನೋಡಿ. ಮೊದಲು ಟಣ್ ಎನ್ನುತ್ತಿದ್ದದ್ದು ಈಗ ಡಬ್ ಎನ್ನಬೇಕು.

ಇನ್ನು ಒಳತಗಡಿನ ತೂತುಗಳು. ಸಣ್ಣ ತೂತಿಗೆ ಶೀಟ್ ಒಂದೇ ಸಾಕು. ಅಂಗೈಗಿಂತ ದೊಡ್ಡದಾದರೆ ಬರೀ ಶೀಟ್ ಡ್ರಮ್ಮಿನ ಚರ್ಮದ ಹಾಗೆ ಒಳಗೆ ಹೊರಗೆ ಆಡುತ್ತದೆ. ಅಂಥ ಕಡೆ ತೆಳು ಅಲ್ಯುಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡನ್ನು ಕತ್ತರಿಸಿ ಸ್ಕ್ರೂ ಹಾಕಿ, ಅಂಚಿಗೆ ಬ್ಯುಟೈಲ್ ಟೇಪ್ ಕೊಟ್ಟು, ಅದರ ಮೇಲೆ ಶೀಟ್ ಅಂಟಿಸಿ. ಮುಂದೆ ಗ್ಲಾಸ್ ಮೋಟಾರ್ ಕೆಟ್ಟರೆ ಬಿಚ್ಚಬೇಕಾಗುತ್ತದೆ. ಆದ್ದರಿಂದ ಬಿಚ್ಚಲು ಬರುವ ಹಾಗೆ ಇರಲಿ.

ಬಾಗಿಲಿನ ತಳದ ಅಂಚಿನಲ್ಲಿ ಉದ್ದನೆಯ ಸಣ್ಣ ಸೀಳುಗಳು ಕಾಣುತ್ತವೆ. ಮಳೆ ನೀರು ಗ್ಲಾಸಿನ ಪಕ್ಕದಿಂದ ಒಳಗೆ ಬರುವುದು ಸಹಜ, ಹೊರಗೆ ಹೋಗುವುದು ಈ ಸೀಳುಗಳಿಂದ. ಇವನ್ನು ಮುಚ್ಚಿದರೆ ಬಾಗಿಲಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆ ತೆಗೆದಿದ್ದರೆ ಅದು ಮುಚ್ಚಿದ್ದ ಅಂಚುಗಳೆಲ್ಲ ಮತ್ತೆ ಮುಚ್ಚಿರಬೇಕು, ಇಲ್ಲದಿದ್ದರೆ ನೀರು ಕಾಲಿನ ಕೆಳಗಿನ ಮ್ಯಾಟ್‌ಗೆ ಬರುತ್ತದೆ. ಪ್ಯಾನೆಲ್ ಹಾಕುವ ಮುಂಚೆ ಗ್ಲಾಸಿನ ಮೇಲೆ ಒಂದು ಮಗ್ ನೀರು ಸುರಿದು, ಅದು ತಳದಿಂದ ಹೊರಗೆ ಬರುತ್ತದೆಯೇ ನೋಡಿ.

## ಸ್ಪೀಕರ್ ಕೂರಿಸುವುದು

ಸ್ಪೀಕರ್ ಕೊಳ್ಳುವ ಮುಂಚೆಯೇ ಆಳ ಅಳೆದಿರಬೇಕು. ಗ್ಲಾಸನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರ್ ಕೂರುವ ಅಂಚಿನಿಂದ ಗ್ಲಾಸಿನವರೆಗೆ ಎಷ್ಟಿದೆ ನೋಡಿ. 65 ಮಿಲಿಮೀಟರ್ ಇದ್ದರೆ 60 ಮಿಲಿಮೀಟರ್‌ಗಿಂತ ಜಾಸ್ತಿ ಆಳದ ವೂಫರ್ ಬೇಡ. ಹೊಂದದಿದ್ದರೆ ಅಡಾಪ್ಟರ್ ರಿಂಗ್ ಹಾಕಿ ಸ್ಪೀಕರನ್ನು ಮುಂದಕ್ಕೆ ತರಬಹುದು. ಆದರೆ ಆಗ ಪ್ಯಾನೆಲ್‌ನ ಗ್ರಿಲ್‌ಗೆ ತಾಗುತ್ತದೆಯೇ ಅಂತಲೂ ನೋಡಬೇಕು.

ರಿಂಗ್ ಯಾವುದರದ್ದು ಎನ್ನುವುದು ಮುಖ್ಯ. ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ ಒಳ್ಳೆಯದು. ಎಂಡಿಎಫ್ ಮರದ ರಿಂಗ್ ನೀರು ಕುಡಿದು ಉಬ್ಬುತ್ತದೆ, ಬಾಗಿಲಿನಲ್ಲಿ ಹಾಕಬಾರದು. ರಿಂಗ್ ಮತ್ತು ತಗಡಿನ ನಡುವೆ, ಸ್ಪೀಕರ್ ಮತ್ತು ರಿಂಗಿನ ನಡುವೆ, ಎರಡೂ ಕಡೆ ಫೋಮ್ ಅಥವಾ ಬ್ಯುಟೈಲ್ ಟೇಪ್ ಕೊಡಿ. ಸ್ಪೀಕರ್‌ನ ಮುಂದಿನ ಅಂಚು ಮತ್ತು ಪ್ಯಾನೆಲ್‌ನ ನಡುವೆ ಖಾಲಿ ಉಳಿದಿದ್ದರೆ ಅಲ್ಲಿಗೂ ಒಂದು ದಪ್ಪ ಫೋಮ್ ಉಂಗುರ ಬೇಕು. ಅದಿಲ್ಲದಿದ್ದರೆ ಅರ್ಧ ದನಿ ಪ್ಯಾನೆಲ್‌ನ ಹಿಂದೆ ಹೋಗಿ ಅದನ್ನು ಅದುರಿಸುತ್ತದೆ.

ಬಾಗಿಲಿನೊಳಗೆ ಹೊಸ ವಯರ್ ಎಳೆಯುವುದು ತ್ರಾಸದ ಕೆಲಸ. ಬಾಗಿಲು ಮತ್ತು ಕಾರಿನ ನಡುವಿನ ರಬ್ಬರ್ ಕೊಳವೆಯಲ್ಲಿ ಕನೆಕ್ಟರ್ ತುಂಬಿರುತ್ತದೆ. ನಮ್ಮ 75 ವ್ಯಾಟ್‌ಗೆ ಕಂಪನಿಯ ಸ್ಪೀಕರ್ ವಯರೇ ಸಾಕು. ಸ್ಟೀರಿಯೋದ ಹಿಂದೆ ಅದನ್ನು ಬೇರ್ಪಡಿಸಿ ಆಂಪ್ಲಿಫೈಯರ್‌ನ ವೂಫರ್ ಚಾನೆಲ್‌ಗೆ ಸೇರಿಸಿ. ಕಂಪನಿಯ ಟ್ವೀಟರ್ ಅದೇ ವಯರಿಗೆ ಜೋಡಿಸಿದ್ದರೆ ಅದನ್ನು ಬಿಚ್ಚಿಬಿಡಿ. ಹೊಸ ಟ್ವೀಟರ್ ಮುಂದಿನ ಕಂಬದಲ್ಲಿದ್ದರೆ ಅದಕ್ಕೆ ಡ್ಯಾಶ್‌ಬೋರ್ಡ್ ಒಳಗಿನಿಂದಲೇ ಪ್ರತ್ಯೇಕ ವಯರ್ ಹೋಗುತ್ತದೆ, ಬಾಗಿಲು ದಾಟಬೇಕಾಗಿಲ್ಲ. ಕನ್ನಡಿಯ ಹತ್ತಿರ ಬಾಗಿಲಿನಲ್ಲೇ ಇದ್ದರೆ ಮಾತ್ರ ಆ ತ್ರಾಸ ತಪ್ಪುವುದಿಲ್ಲ.

ಪ್ಲಸ್ ಮೈನಸ್ ಅದಲುಬದಲಾಗಿಲ್ಲ ಅಂತ ಈಗಲೇ ಖಚಿತ ಮಾಡಿಕೊಳ್ಳಿ. ಆಂಪ್ಲಿಫೈಯರ್ ಕಡೆಯ ವಯರ್ ತುದಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಕ್ಷಣಕಾಲ ತಾಗಿಸಿ. ಸೆಲ್‌ನ ಪ್ಲಸ್ ವಯರಿನ ಪ್ಲಸ್‌ಗೆ ತಾಗಿದಾಗ ವೂಫರ್ ಹೊರಗೆ ಬರಬೇಕು. ಒಳಗೆ ಹೋದರೆ ವಯರ್ ತಿರುಗಿದೆ ಅಂತ ಅರ್ಥ. ಟ್ವೀಟರ್‌ಗೆ ಈ ಪರೀಕ್ಷೆ ಬೇಡ, ಅದರ ಚಲನೆ ಕಣ್ಣಿಗೆ ಕಾಣುವುದಿಲ್ಲ.

## ಆಂಪ್ಲಿಫೈಯರ್‌ಗೆ ವಿದ್ಯುತ್

ಎಷ್ಟು ಕರೆಂಟ್ ಬೇಕು ಅಂತ ಲೆಕ್ಕ ಹಾಕೋಣ. ನಾಲ್ಕು ಚಾನೆಲ್, 75 ವ್ಯಾಟ್‌ನಂತೆ ಒಟ್ಟು 300 ವ್ಯಾಟ್. ಕ್ಲಾಸ್ ಡಿ ಆಂಪ್ಲಿಫೈಯರ್‌ನ ದಕ್ಷತೆ ಸುಮಾರು ಶೇ. 80 ಅಂತ ಹಿಡಿದರೆ ಅದು ಎಳೆಯುವುದು 375 ವ್ಯಾಟ್. ಎಂಜಿನ್ ಚಾಲೂ ಇದ್ದಾಗ ವೋಲ್ಟೇಜ್ ಸುಮಾರು 13.8 ಇರುತ್ತದೆ. ಭಾಗಿಸಿದರೆ 27 ಆಂಪಿಯರ್. ಇದಕ್ಕೆ 8 ಗೇಜಿನ ಶುದ್ಧ ತಾಮ್ರದ ವಯರ್, 40 ಆಂಪಿಯರ್ ಫ್ಯೂಸ್ ಸಾಕಾಗುತ್ತದೆ. ಆಂಪ್ಲಿಫೈಯರ್‌ನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ಅನುಸರಿಸಿ. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ವಯರ್ ಅಗ್ಗಕ್ಕೆ ಸಿಗುತ್ತದೆ. ಅದೇ ದಪ್ಪಕ್ಕೆ ಅದು ಕಡಿಮೆ ಕರೆಂಟ್ ಹೊರುತ್ತದೆ, ಹಾಗಾಗಿ ಬೇಡ.

ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಬೇಕು. ಈ ಫ್ಯೂಸ್ ಕಾಯುವುದು ವಯರನ್ನು, ಆಂಪ್ಲಿಫೈಯರನ್ನಲ್ಲ. ಎಲ್ಲೋ ವಯರ್ ಉಜ್ಜಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅದರಲ್ಲಿ ಹರಿದು ಬೆಂಕಿ ಹತ್ತುತ್ತದೆ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ, ಅದಕ್ಕೇ ಅದು ಚಿಕ್ಕದಿರಬೇಕು. ಎಂಜಿನ್ ಗೋಡೆ ದಾಟುವಲ್ಲಿ ರಬ್ಬರ್ ಗ್ರೊಮೆಟ್ ಕಡ್ಡಾಯ. ಎಲ್ಲಾ ವಯರಿಂಗ್ ಮುಗಿಯುವವರೆಗೆ ಫ್ಯೂಸ್ ಹಾಕಬೇಡಿ.

ಗ್ರೌಂಡ್ ವಯರ್ ಕೂಡ ಅಷ್ಟೇ ದಪ್ಪ, ಅರ್ಧ ಮೀಟರ್‌ಗಿಂತ ಗಿಡ್ಡ. ಆಂಪ್ಲಿಫೈಯರ್ ಹತ್ತಿರ ಬಾಡಿಯ ಗಟ್ಟಿ ಲೋಹದ ಜಾಗದಲ್ಲಿ ಪೇಂಟ್ ಉಜ್ಜಿ ತೆಗೆದು, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿ ಮಾಡಿ. ಆಮೇಲೆ ಅದರ ಮೇಲೆ ಪೇಂಟ್ ಅಥವಾ ಗ್ರೀಸ್ ಹಚ್ಚಿದರೆ ತುಕ್ಕು ಹಿಡಿಯದು. ಸೀಟ್‌ಬೆಲ್ಟಿನ ಬೋಲ್ಟ್‌ಗೆ ಎಂದೂ ಜೋಡಿಸಬೇಡಿ. ಕೆಂಪು ದೀಪಕ್ಕೆ ಎಂಜಿನ್ ತಾನಾಗಿ ನಿಲ್ಲುವ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ. ನೇರ ಬ್ಯಾಟರಿ ನೆಗೆಟಿವ್‌ಗೆ ಕೊಟ್ಟರೆ ಆ ಸೆನ್ಸರ್‌ಗೆ ಲೆಕ್ಕ ತಪ್ಪುತ್ತದೆ. ಬಾಡಿಗೇ ಕೊಡಿ.

ಸಿಗ್ನಲ್ ಅನ್ನು ಸ್ಟೀರಿಯೋದ ಮುಂದಿನ ಸ್ಪೀಕರ್ ಔಟ್‌ಪುಟ್‌ಗಳಿಂದ ತೆಗೆದು ಡಿಎಸ್‌ಪಿಯ ಹೈ ಲೆವೆಲ್ ಇನ್‌ಪುಟ್‌ಗೆ ಕೊಡುತ್ತೇವೆ. ಈ ವಯರ್‌ಗಳ ಮೈನಸ್ ಬಾಡಿಗೆ ತಾಗಬಾರದು. ಸ್ಟೀರಿಯೋ ಸುಟ್ಟುಹೋಗಬಹುದು. ನಿಮ್ಮ ಕಾರಿಗೆ ಹೊಂದುವ ಜೋಡಣೆಯ ಹಾರ್ನೆಸ್ ಸಿಕ್ಕರೆ ಕಂಪನಿಯ ವಯರ್ ಕತ್ತರಿಸುವ ಅಗತ್ಯವೇ ಇಲ್ಲ. ಪವರ್ ವಯರ್ ಕಾರಿನ ಒಂದು ಬದಿಯಿಂದ, ಸಿಗ್ನಲ್ ವಯರ್ ಇನ್ನೊಂದು ಬದಿಯಿಂದ ಹೋಗಲಿ.

## ಗೇನ್ ಹೊಂದಿಸುವುದು

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್‌ಗೂ ಆಂಪ್ಲಿಫೈಯರ್ ತಡೆದುಕೊಳ್ಳುವ ಮಿತಿಗೂ ಹೊಂದಾಣಿಕೆ ಮಾಡುವ ತಿರುಪು ಅದು. ಕಿವಿಯಿಂದ ಹೊಂದಿಸುವುದಕ್ಕಿಂತ ಮೀಟರ್‌ನಿಂದ ಹೊಂದಿಸುವುದು ಒಳ್ಳೆಯದು.

ಎಲ್ಲಾ ಸ್ಪೀಕರ್ ವಯರ್‌ಗಳನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿಡಿ. ಈಗ ಫ್ಯೂಸ್ ಹಾಕಿ, ಬ್ಯಾಟರಿ ಜೋಡಿಸಿ. ಸ್ಟೀರಿಯೋದಲ್ಲಿ ಬೇಸ್, ಟ್ರೆಬಲ್, ಲೌಡ್‌ನೆಸ್ ಎಲ್ಲಾ ಸೊನ್ನೆಗೆ ತನ್ನಿ. ಡಿಎಸ್‌ಪಿಯಲ್ಲಿ ಫಿಲ್ಟರ್ ಮತ್ತು ಈಕ್ವಲೈಸರ್ ಸದ್ಯಕ್ಕೆ ಆಫ್ ಇರಲಿ. ಪೂರ್ಣ ಮಟ್ಟದ 400 ಹರ್ಟ್ಜ್ ಟೋನ್ ಹಾಕಿ. ಸಾಮಾನ್ಯವಾಗಿ 1000 ಹರ್ಟ್ಜ್ ಹೇಳುತ್ತಾರೆ, ಆದರೆ ಅಗ್ಗದ ಮಲ್ಟಿಮೀಟರ್‌ಗಳು ಅಷ್ಟು ಮೇಲೆ ತಪ್ಪು ತೋರಿಸಬಹುದು.

ಮೊದಲು ಸ್ಟೀರಿಯೋದ ಮಿತಿ ಹುಡುಕಿ. ಅದರ ಸ್ಪೀಕರ್ ಔಟ್‌ಪುಟ್‌ನ ಪ್ಲಸ್ ಮೈನಸ್ ನಡುವೆ ಎಸಿ ವೋಲ್ಟ್ ಅಳೆಯುತ್ತಾ ವಾಲ್ಯೂಮ್ ಒಂದೊಂದೇ ಹೆಜ್ಜೆ ಏರಿಸಿ. ಪ್ರತಿ ಹೆಜ್ಜೆಗೂ ವೋಲ್ಟ್ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಏರಿಕೆ ಇದ್ದಕ್ಕಿದ್ದಂತೆ ಕಮ್ಮಿಯಾಗುತ್ತದೆ. ಅಲ್ಲಿಂದ ಸ್ಟೀರಿಯೋ ಅಲೆಯ ತಲೆ ಕತ್ತರಿಸಲು ಶುರುಮಾಡಿದೆ. ಅದಕ್ಕಿಂತ ಎರಡು ಹೆಜ್ಜೆ ಕೆಳಗಿನ ವಾಲ್ಯೂಮೇ ನಿಮ್ಮ ಗರಿಷ್ಠ. 40ರ ಅಳತೆಯಲ್ಲಿ ಅದು 31 ಬಂತು ಅಂದುಕೊಳ್ಳೋಣ.

ವಾಲ್ಯೂಮ್ 31ರಲ್ಲಿ ಇಟ್ಟು ಆಂಪ್ಲಿಫೈಯರ್‌ನ ಔಟ್‌ಪುಟ್ ಅಳೆಯಿರಿ. ಎಷ್ಟು ವೋಲ್ಟ್ ಬರಬೇಕು ಎನ್ನುವುದಕ್ಕೆ ಈ ಲೆಕ್ಕ:

```
V = √(P × R)
V = √(75 × 4) = 17.3
```

ಮೀಟರ್ 17 ವೋಲ್ಟ್ ತೋರಿಸುವವರೆಗೆ ಗೇನ್ ಏರಿಸಿ, ಅಲ್ಲಿಗೆ ನಿಲ್ಲಿಸಿ. ಟ್ವೀಟರ್‌ಗಳಿಗೆ ಇಷ್ಟು ಶಕ್ತಿ ಬೇಕಾಗುವುದಿಲ್ಲ. ಅವುಗಳ ಮಟ್ಟವನ್ನು ಡಿಎಸ್‌ಪಿಯಲ್ಲಿ ಈಗಲೇ 6 ಡೆಸಿಬಲ್ ಇಳಿಸಿಡಿ. ಆಮೇಲೆ ಅಳೆದು ಸರಿಮಾಡೋಣ.

## ಕ್ರಾಸ್‌ಓವರ್: ಟ್ವೀಟರ್ ಜೋಡಿಸುವ ಮುಂಚೆ

ಟ್ವೀಟರ್‌ನ ತಂತಿ ಕೂದಲಿನಷ್ಟು ತೆಳು. ಅದಕ್ಕೆ ಬೇಸ್ ಹೋದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಫಿಲ್ಟರ್ ಹಾಕಿ, ಡಿಎಸ್‌ಪಿಯಲ್ಲಿ ಸೇವ್ ಮಾಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ, ಫಿಲ್ಟರ್ ಉಳಿದಿದೆ ಅಂತ ನೋಡಿದ ಮೇಲೆಯೇ ಟ್ವೀಟರ್ ಜೋಡಿಸಬೇಕು. ಇನ್ನೂ ಭದ್ರತೆ ಬೇಕಾದರೆ ಟ್ವೀಟರ್‌ನ ಪ್ಲಸ್ ವಯರಿನಲ್ಲಿ 33 ಮೈಕ್ರೊಫ್ಯಾರಡ್‌ನ ನಾನ್ ಪೋಲಾರ್ ಕೆಪಾಸಿಟರ್ ಹಾಕಿ. 4 ಓಮ್‌ಗೆ ಅದು ಸುಮಾರು 1200 ಹರ್ಟ್ಜ್ ಕೆಳಗಿನದನ್ನು ತಡೆಯುತ್ತದೆ. ಮುಂದೆ ಯಾವತ್ತಾದರೂ ಸೆಟ್ಟಿಂಗ್ ಅಳಿಸಿಹೋದರೂ ಟ್ವೀಟರ್ ಉಳಿಯುತ್ತದೆ.

HPF ಅಂದರೆ ಹೇಳಿದ ಸ್ವರಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್, LPF ಅಂದರೆ ಮೇಲಿನದನ್ನು ತಡೆಯುವುದು. LR ಎನ್ನುವುದು ಲಿಂಕ್‌ವಿಟ್ಜ್ ರೈಲಿ ಎಂಬ ಫಿಲ್ಟರ್ ಬಗೆ, 24 dB/oct ಎನ್ನುವುದು ಅದು ಎಷ್ಟು ಕಡಿದಾಗಿ ತಡೆಯುತ್ತದೆ ಎನ್ನುವುದರ ಅಳತೆ. ನಮ್ಮ ಉದಾಹರಣೆಗೆ ಶುರುವಿನ ಅಂಕಿಗಳು ಇವು:

```
Woofer   HPF   60 Hz  LR 24 dB/oct
Woofer   LPF 3000 Hz  LR 24 dB/oct
Tweeter  HPF 3000 Hz  LR 24 dB/oct
```

3000 ಯಾಕೆ? ಆರೂವರೆ ಇಂಚಿನ ಕೋನ್ ಅದಕ್ಕಿಂತ ಮೇಲಿನ ಸ್ವರಗಳನ್ನು ಎಲ್ಲಾ ಕಡೆ ಹರಡುವುದಿಲ್ಲ, ನೇರ ಮೊಣಕಾಲಿನ ಕಡೆಗೇ ಕಳಿಸುತ್ತದೆ. ಇತ್ತ ಟ್ವೀಟರ್ ತನ್ನ ಅನುರಣನ ಸ್ವರದ ಎರಡು ಪಟ್ಟಿಗಿಂತ ಕೆಳಗೆ ದುಡಿಯಬಾರದು. ಅದರ ಕಾಗದದಲ್ಲಿ 1200 ಅಂತ ಬರೆದಿದ್ದರೆ 2400 ಕನಿಷ್ಠ. ಎರಡರ ನಡುವೆ 3000 ಸುರಕ್ಷಿತ.

ವೂಫರ್‌ಗೆ 60ರ ತಡೆ ಹಾಕಿದ್ದು ಬೇರೆ ಕಾರಣಕ್ಕೆ. ಸ್ವರ ಅರ್ಧಕ್ಕಿಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಕೋನ್ ನಾಲ್ಕು ಪಟ್ಟು ಓಡಾಡಬೇಕು. 60ರ ಕೆಳಗೆ ಆ ಓಡಾಟ ವ್ಯರ್ಥ, ಮೇಲಿನ ದನಿಯನ್ನೂ ಕೆಡಿಸುತ್ತದೆ. ಮುಂದೆ ಸಬ್‌ವೂಫರ್ ಹಾಕಿದರೆ ಇದನ್ನು 80ಕ್ಕೆ ಏರಿಸಿ.

## ಸಮಯ ಹೊಂದಿಸುವುದು

ನನ್ನ ಮಟ್ಟಿಗೆ ಡಿಎಸ್‌ಪಿ ಕೊಡುವ ಅತಿ ದೊಡ್ಡ ಲಾಭ ಇದೇ. ಚಾಲಕನ ಕಿವಿಗೆ ಅವನ ಪಕ್ಕದ ಬಾಗಿಲು ಹತ್ತಿರ, ಆಚೆ ಬಾಗಿಲು ದೂರ. ಹತ್ತಿರದ ದನಿ ಮೊದಲು ಬರುತ್ತದೆ, ಹಾಡುಗಾರ ಚಾಲಕನ ಕಾಲಿನ ಹತ್ತಿರ ಕೂತು ಹಾಡಿದಂತೆ ಕೇಳಿಸುತ್ತದೆ. ಹತ್ತಿರದ ಸ್ಪೀಕರ್‌ಗಳನ್ನು ಸ್ವಲ್ಪ ತಡಮಾಡಿದರೆ ಎಲ್ಲವೂ ಒಟ್ಟಿಗೆ ಬರುತ್ತವೆ.

ಸೀಟನ್ನು ನೀವು ಓಡಿಸುವ ಜಾಗದಲ್ಲೇ ಇಟ್ಟು, ತಲೆಯ ನಡುವಿನಿಂದ ಪ್ರತಿ ಸ್ಪೀಕರ್‌ಗೂ ಟೇಪ್ ಹಿಡಿದು ಅಳೆಯಿರಿ. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34.4 ಸೆಂಟಿಮೀಟರ್ ಹೋಗುತ್ತದೆ. ಅತಿ ದೂರದ ಸ್ಪೀಕರ್‌ಗೆ ತಡ ಸೊನ್ನೆ. ಉಳಿದವಕ್ಕೆ ದೂರದ ವ್ಯತ್ಯಾಸವನ್ನು 34.4ರಿಂದ ಭಾಗಿಸಿ.

ಆಚೆ ವೂಫರ್ 135 ಸೆಂಟಿಮೀಟರ್ ದೂರ ಇದೆ ಅನ್ನೋಣ. ಅದಕ್ಕೆ ಸೊನ್ನೆ. ಆಚೆ ಟ್ವೀಟರ್ 120, ವ್ಯತ್ಯಾಸ 15, ತಡ 0.44 ಮಿಲಿಸೆಕೆಂಡ್. ಹತ್ತಿರದ ವೂಫರ್ 90, ವ್ಯತ್ಯಾಸ 45, ತಡ 1.31. ಹತ್ತಿರದ ಟ್ವೀಟರ್ 80, ವ್ಯತ್ಯಾಸ 55, ತಡ 1.60. ಕೆಲವು ಡಿಎಸ್‌ಪಿಗಳು ದೂರವನ್ನೇ ಕೇಳಿ ತಾವೇ ಲೆಕ್ಕ ಹಾಕುತ್ತವೆ. ಎರಡರಲ್ಲಿ ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ತಡ ಬರೆಯುವ ಜಾಗದಲ್ಲಿ ದೂರ ಬರೆದರೆ ಪರಿಣಾಮ ಪೂರ್ತಿ ಉಲ್ಟಾ.

ಇದರ ಜೊತೆಗೆ ಹತ್ತಿರದ ಬದಿಯ ಮಟ್ಟವನ್ನು 2ರಿಂದ 3 ಡೆಸಿಬಲ್ ಇಳಿಸಿ. ಈಗ ಮೊನೊದಲ್ಲಿ ಒಬ್ಬರೇ ಮಾತಾಡುವ ಧ್ವನಿ ಹಾಕಿ ಕಣ್ಣು ಮುಚ್ಚಿ ಕೇಳಿ. ದನಿ ಡ್ಯಾಶ್‌ಬೋರ್ಡಿನ ನಡುವಿನಿಂದ ಬರಬೇಕು. ಬರದಿದ್ದರೆ ಯಾವ ಭಾಗ ಜಾರಿದೆ ಅಂತ ಕೇಳಿ. ಮಾತಿನ ಕೆಳಭಾಗ, ಎದೆಯ ದನಿ ಒಂದು ಕಡೆ ಎಳೆಯುತ್ತಿದ್ದರೆ ವೂಫರ್‌ನ ತಡವನ್ನು 0.05ರ ಹೆಜ್ಜೆಯಲ್ಲಿ ತಿದ್ದಿ. 'ಸ', 'ಚ' ಥರದ ಅಕ್ಷರಗಳು ಎಳೆಯುತ್ತಿದ್ದರೆ ಟ್ವೀಟರ್‌ನ ಮಟ್ಟ ತಿದ್ದಿ. ಕಾರಣ ಸರಳ. ಕೆಳಸ್ವರದ ದಿಕ್ಕನ್ನು ನಮ್ಮ ಕಿವಿ ಮುಖ್ಯವಾಗಿ ಸಮಯದ ವ್ಯತ್ಯಾಸದಿಂದ ಗುರುತಿಸುತ್ತದೆ, ಮೇಲ್ಸ್ವರದ ದಿಕ್ಕನ್ನು ಮಟ್ಟದ ವ್ಯತ್ಯಾಸದಿಂದ.

ಈ ಹೊಂದಾಣಿಕೆ ಒಂದೇ ಸೀಟಿಗೆ. ಪಕ್ಕದ ಸೀಟಿನಲ್ಲಿ ಕೂತವರಿಗೆ ಹಾಡುಗಾರನ ದನಿ ಇನ್ನಷ್ಟು ಒಂದು ಬದಿಗೆ ಹೋಗುತ್ತದೆ. ಅದಕ್ಕೆ ತಡ ಇಲ್ಲದ ಇನ್ನೊಂದು ಸೆಟ್ಟಿಂಗನ್ನು ಬೇರೆ ಜಾಗದಲ್ಲಿ ಸೇವ್ ಮಾಡಿಡಿ.

## ಈಕ್ವಲೈಸರ್

ಇಲ್ಲಿ ಒಂದು ಅಳತೆ ಮೈಕ್ ಬೇಕು. ಫೋನಿನ ಮೈಕ್ ಬೇಸ್‌ನಲ್ಲೂ ಮೇಲ್ಸ್ವರದಲ್ಲೂ ನಂಬುವಂಥದ್ದಲ್ಲ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಳತೆ ಮೈಕ್ ಜೋಡಿಸಿ, ಉಚಿತವಾಗಿ ಸಿಗುವ REW ತಂತ್ರಾಂಶದಲ್ಲಿ, ಯಾವ ಸ್ವರ ಎಷ್ಟು ಜೋರಿದೆ ಅಂತ ಗೆರೆಯಾಗಿ ತೋರಿಸುವ RTA ತೆರೆಯಿರಿ. ಎಲ್ಲಾ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದಾದ ಪಿಂಕ್ ನಾಯ್ಸ್ ಹಾಕಿ, ಒಂದು ಬದಿಯ ಸ್ಪೀಕರ್‌ಗಳನ್ನು ಮಾತ್ರ ಆನ್ ಇಟ್ಟು, ಮೈಕನ್ನು ತಲೆ ಇರುವ ಜಾಗದ ಸುತ್ತ ನಿಧಾನಕ್ಕೆ ಆಡಿಸುತ್ತಾ ಸರಾಸರಿ ತೆಗೆಯಿರಿ. ಒಂದೇ ಬಿಂದುವಿನ ಅಳತೆ ಮೋಸ ಮಾಡುತ್ತದೆ, ತಲೆ ಸ್ವಲ್ಪ ಅಲುಗಿದರೆ ಅದು ಬದಲಾಗುತ್ತದೆ.

ಗೆರೆ ನೇರ ಇರಬೇಕು ಅಂತ ಹೊರಡಬೇಡಿ. ಕಾರಿನಲ್ಲಿ ಪೂರ್ತಿ ನೇರ ಗೆರೆ ತೆಳ್ಳಗೆ, ಚುಚ್ಚುವಂತೆ ಕೇಳಿಸುತ್ತದೆ. ಗುರಿಯ ಗೆರೆ ಹೀಗಿರಲಿ: 100 ಹರ್ಟ್ಜ್ ಕೆಳಗೆ 6ರಿಂದ 8 ಡೆಸಿಬಲ್ ಎತ್ತರ, 200ರಿಂದ 2000ವರೆಗೆ ಹೆಚ್ಚೂ ಕಡಿಮೆ ಸಮ, ಅಲ್ಲಿಂದ ಕೊನೆಯವರೆಗೆ ನಿಧಾನವಾಗಿ ಒಟ್ಟು 5 ಡೆಸಿಬಲ್‌ನಷ್ಟು ಇಳಿತ. ಸಬ್ ಇಲ್ಲದ ನಮ್ಮ ಕಾರಿನಲ್ಲಿ ಬೇಸ್‌ನ ಎತ್ತರ ಇಷ್ಟು ಬರದೇ ಇರಬಹುದು, ಬಂದಷ್ಟಕ್ಕೆ ಒಪ್ಪಿಕೊಳ್ಳಿ.

ಹತ್ತಿರದ ಬದಿಯ ಗೆರೆ ಹೀಗೆ ಬಂತು ಅಂದುಕೊಳ್ಳಿ: 160 ಹರ್ಟ್ಜ್‌ನಲ್ಲಿ 6 ಡೆಸಿಬಲ್ ದಿಬ್ಬ, 2500ರಲ್ಲಿ 4 ಡೆಸಿಬಲ್ ದಿಬ್ಬ. ಮೊದಲನೆಯದು ಮಾತನ್ನು ಗುಂಯ್ ಅನ್ನಿಸುತ್ತದೆ, ಎರಡನೆಯದು ಕಿವಿಗೆ ಚುಚ್ಚುತ್ತದೆ. 160ರಲ್ಲಿ 5 ಡೆಸಿಬಲ್ ಇಳಿಸಿ, ಕ್ಯೂ 2. 2500ರಲ್ಲಿ 3 ಇಳಿಸಿ, ಕ್ಯೂ 3. ಕ್ಯೂ ಹೆಚ್ಚಿದಷ್ಟೂ ಕಡಿತದ ಅಗಲ ಕಿರಿದಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಇಂಥ ಮೂರು ನಾಲ್ಕು ಕಡಿತದಲ್ಲೇ ದೊಡ್ಡ ಬದಲಾವಣೆ ಕಾಣುತ್ತದೆ.

ಆಚೆ ಬದಿಯಲ್ಲಿ 300ರ ಹತ್ತಿರ ಒಂದು ಆಳದ ಗುಂಡಿ ಇದೆ ಅನ್ನಿ. ಅದನ್ನು ತುಂಬಲು ಕೈ ತುರಿಸುತ್ತದೆ. 4 ಡೆಸಿಬಲ್ ಏರಿಸಿ ಮತ್ತೆ ಅಳೆದು ನೋಡಿ. ಗೆರೆಯೂ ಸುಮಾರು 4 ಏರಿದರೆ ಸರಿ, ಅದು ತುಂಬುವ ಗುಂಡಿ. ಒಂದೇ ಒಂದು ಏರಿದರೆ ಅಲ್ಲಿ ನೇರ ದನಿಯನ್ನು ಪ್ರತಿಫಲಿತ ದನಿ ಅಳಿಸುತ್ತಿದೆ. ನೀವು ಎಷ್ಟು ಏರಿಸಿದರೆ ಪ್ರತಿಫಲನವೂ ಅಷ್ಟೇ ಏರುತ್ತದೆ. ಆಂಪ್ಲಿಫೈಯರ್‌ಗೆ ಭಾರ ಬಿಟ್ಟರೆ ಏನೂ ಸಿಗದು. ಬಿಟ್ಟುಬಿಡಿ.

ವೂಫರ್ ಮತ್ತು ಟ್ವೀಟರ್ ಕೂಡುವ 3000ರಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. ಡಿಎಸ್‌ಪಿಯಲ್ಲಿ ಆ ಬದಿಯ ಟ್ವೀಟರ್‌ನ ಧ್ರುವ ತಿರುಗಿಸಿ ಅಳೆಯಿರಿ. ನಾವು ಹಾಕಿದ ಫಿಲ್ಟರ್‌ನಲ್ಲಿ ತಿರುಗಿಸಿದಾಗ ಅಲ್ಲಿ ಗುಂಡಿ ಬೀಳಬೇಕು, ವಾಪಸ್ ತಂದಾಗ ತುಂಬಬೇಕು. ಉಲ್ಟಾ ಆದರೆ ಟ್ವೀಟರ್ ವಯರ್ ತಿರುಗಿರಬಹುದು. ಎರಡೂ ಸಲ ಒಂದೇ ಥರ ಇದ್ದರೆ ತಡದ ಅಂಕಿ ಸ್ವಲ್ಪ ತಪ್ಪಿದೆ, ಟ್ವೀಟರ್‌ನ ತಡವನ್ನು ಸಣ್ಣ ಹೆಜ್ಜೆಯಲ್ಲಿ ಸರಿಸಿ ಮತ್ತೆ ನೋಡಿ.

ಕೊನೆಗೆ ಎಡ ಬಲ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಅವು ಗುರಿಯ ಗೆರೆಗೆ ಹೊಂದುವುದಕ್ಕಿಂತ ಒಂದಕ್ಕೊಂದು ಹೊಂದುವುದು ಮುಖ್ಯ. ಮುಖ್ಯವಾಗಿ 300ರಿಂದ 4000ವರೆಗೆ. ಹಾಡುಗಾರನ ದನಿ ನಡುವೆ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ.

ಸ್ಟೀರಿಯೋದ ಒಂದು ಚಾಳಿ ನೋಡಿಕೊಳ್ಳಿ. ಕೆಲವು ಕಂಪನಿ ಸ್ಟೀರಿಯೋಗಳು ವಾಲ್ಯೂಮ್ ಏರಿದಂತೆ ತಾವಾಗಿಯೇ ಬೇಸ್ ಇಳಿಸುತ್ತವೆ, ಕಂಪನಿಯ ತೆಳು ಸ್ಪೀಕರ್ ಹರಿಯದಿರಲಿ ಅಂತ. ಕಡಿಮೆ ವಾಲ್ಯೂಮ್‌ನಲ್ಲೊಮ್ಮೆ, ಜೋರಾಗಿ ಒಮ್ಮೆ ಅಳೆದು ಗೆರೆಯ ಆಕಾರ ಹೋಲಿಸಿ. ಬದಲಾಗುತ್ತಿದ್ದರೆ ನೀವು ಹೆಚ್ಚಾಗಿ ಕೇಳುವ ವಾಲ್ಯೂಮ್‌ನಲ್ಲೇ ಟ್ಯೂನ್ ಮಾಡಿ.

## ತೊಂದರೆ ಬಂದರೆ

ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಂಯ್ ಸದ್ದು ಬಂದರೆ ಆಲ್ಟರ್ನೇಟರ್‌ನ ಸದ್ದು ಸಿಗ್ನಲ್‌ಗೆ ಸೇರುತ್ತಿದೆ. ಡಿಎಸ್‌ಪಿಯ ಇನ್‌ಪುಟ್ ಪ್ಲಗ್ ಬಿಚ್ಚಿ, ಆಂಪ್ಲಿಫೈಯರಿಗೆ ಆನ್ ಆಗಲು ಸೂಚನೆ ಕೊಡುವ ರಿಮೋಟ್ ವಯರಿನಿಂದ ಅದನ್ನು ಆನ್ ಇಟ್ಟು ಕೇಳಿ. ಸದ್ದು ನಿಂತರೆ ಅದು ಸಿಗ್ನಲ್ ವಯರ್ ಮೂಲಕ ಬರುತ್ತಿತ್ತು, ಅದರ ದಾರಿಯನ್ನು ಪವರ್ ವಯರಿನಿಂದ ದೂರ ಸರಿಸಿ. ನಿಲ್ಲದಿದ್ದರೆ ಗ್ರೌಂಡ್ ಬಿಚ್ಚಿ ಪೇಂಟ್ ಪೂರ್ತಿ ಹೋಗಿದೆಯೇ ನೋಡಿ, ಮತ್ತೆ ಬಿಗಿ ಮಾಡಿ.

ಹಾಡಿಲ್ಲದಾಗ ಟ್ವೀಟರ್‌ನಿಂದ ಸುಂಯ್ ಅನ್ನುವ ಸದ್ದು ಜಾಸ್ತಿ ಇದ್ದರೆ ಗೇನ್ ಅಗತ್ಯಕ್ಕಿಂತ ಏರಿದೆ. ಗೇನ್ ಇಳಿಸಿ, ಸ್ಟೀರಿಯೋ ವಾಲ್ಯೂಮ್ ಏರಿಸಿ ಕೇಳಿ.

ಆಂಪ್ಲಿಫೈಯರ್‌ನ ಪ್ರೊಟೆಕ್ಟ್ ದೀಪ ಹತ್ತಿದರೆ ಸ್ಪೀಕರ್ ವಯರ್‌ಗಳನ್ನು ಬಿಚ್ಚಿ ಒಂದೊಂದನ್ನೂ ಅಳೆಯಿರಿ. ವೂಫರ್‌ನ ಎರಡು ತುದಿಗಳ ನಡುವೆ 3ರಿಂದ 4 ಓಮ್ ಇರಬೇಕು. ಟ್ವೀಟರ್‌ಗೆ ಕೆಪಾಸಿಟರ್ ಹಾಕಿದ್ದರೆ ಮೀಟರ್ ಅನಂತ ತೋರಿಸುತ್ತದೆ, ಹೆದರಬೇಡಿ. ಪ್ರತಿ ತುದಿಗೂ ಕಾರಿನ ಬಾಡಿಗೂ ನಡುವೆ ಏನೂ ಸಂಪರ್ಕ ಇರಬಾರದು. ಇದ್ದರೆ ಬಾಗಿಲಿನ ಕೀಲಿನ ಹತ್ತಿರ ಅಥವಾ ಸ್ಪೀಕರ್ ಟರ್ಮಿನಲ್ ತಗಡಿಗೆ ತಾಗುವಲ್ಲಿ ಹುಡುಕಿ.

ಬಡಬಡ ಸದ್ದು ಹುಡುಕಲು ಹಾಡು ಹಾಕಿ ಪ್ರಯೋಜನ ಇಲ್ಲ. 40ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಸದ್ದು ಬಂದ ಸ್ವರದಲ್ಲಿ ನಿಲ್ಲಿಸಿ. ಅದು ನುಡಿಯುತ್ತಿರುವಾಗಲೇ ಪ್ಯಾನೆಲ್, ಹಿಡಿಕೆ, ಲಾಕ್ ಕಡ್ಡಿ, ಗ್ಲಾಸ್ ಸ್ವಿಚ್ಚಿನ ವಯರ್ ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಫೋಮ್ ತುಂಡು ಅಥವಾ ಬಟ್ಟೆಯ ಟೇಪ್ ಸುತ್ತಿ, ಮುಂದಿನ ಸ್ವರಕ್ಕೆ ಹೋಗಿ.